ಸ್ಕೂಲ್ ಫೀಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್: ಸಾಫ್ಟ್‌ವೇರ್ ರಿಕ್ವೈರ್‌ಮೆಂಟ್ಸ್ ಸ್ಪೆಸಿಫಿಕೇಶನ್, ಆವೃತ್ತಿ 1.2

1. ಇದನ್ನ ಓದೋದು ಹೇಗೆ

ಮೊದಲ ಡ್ರಾಫ್ಟ್‌ನಲ್ಲಿ ಒಂದು ಸಾಲಿತ್ತು: "ಕೌಂಟರ್‌ನಲ್ಲಿ ಫೀಸ್ ಬೇಗ ತಗೊಂಡು ರಸೀದಿ ಪ್ರಿಂಟ್ ಆಗ್ಬೇಕು". ಎಲ್ಲರೂ ತಲೆ ಆಡ್ಸಿದ್ರು, ಆದ್ರೆ ಟೆಸ್ಟಿಂಗ್ ಟೀಮ್ ಕೇಳಿದ್ದು ಇಷ್ಟೇ, ಬೇಗ ಅಂದ್ರೆ ಎಷ್ಟು, ಪ್ರಿಂಟ್ ಯಾವುದ್ರಲ್ಲಿ, ಪ್ರಿಂಟರ್ ಕೆಟ್ರೆ ದುಡ್ಡು ಜಮಾ ಆದಂಗೋ ಇಲ್ವೋ? ಯಾರ ಹತ್ರನೂ ಉತ್ತರ ಇರ್ಲಿಲ್ಲ. ಆ ಒಂದು ಸಾಲಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಹೋಗಿತ್ತು. ಅದಕ್ಕೇ ಈ ಆವೃತ್ತಿಲಿ ಮೂರನ್ನೂ ಬಿಡಿಸಿಟ್ಟಿದೀವಿ. ಸಿಸ್ಟಮ್ ಏನು ಮಾಡ್ಬೇಕು ಅನ್ನೋದು "ಕಾ" ನಂಬರಲ್ಲಿ (ಕಾರ್ಯ), ಅದನ್ನ ಎಷ್ಟು ಚೆನ್ನಾಗಿ ಮಾಡ್ಬೇಕು ಅನ್ನೋದು "ಗು" ನಂಬರಲ್ಲಿ (ಗುಣ), ಹೊರಗಿನ ಮನುಷ್ಯ, ಮೆಷಿನ್, ಬೇರೆ ಸಾಫ್ಟ್‌ವೇರ್ ಜೊತೆ ಎಲ್ಲಿ ಹೇಗೆ ಕೈಜೋಡಿಸುತ್ತೆ ಅನ್ನೋದು "ಸಂ" ನಂಬರಲ್ಲಿ (ಸಂಪರ್ಕ).

"ಲೇಬೇಕು" ಅಂತ ಬರೆದಿದ್ರೆ ಅದಿಲ್ದೆ ಡೆಲಿವರಿ ತಗೊಳಲ್ಲ. "ಬಾರ್ದು" ಅಂದ್ರೆ ಯಾವ ದಾರಿಲೂ ಆಗ್ಬಾರ್ದು, ಅಡ್ಮಿನ್‌ಗೂ ಸೇರಿ. "ಇದ್ರೆ ಒಳ್ಳೇದು" ಅಂದ್ರೆ ಟೈಮ್ ಉಳಿದ್ರೆ ನೋಡೋಣ.

2. ವ್ಯಾಪ್ತಿ

ಸುಮಾರು 1,150 ಮಕ್ಕಳು, ವರ್ಷಕ್ಕೆ ಮೂರು ಕಂತು, ಆಫೀಸಲ್ಲಿ ಮೂರು ಕೌಂಟರ್. ಈಗ ನಡೀತಿರೋದು ಒಂದು ದಪ್ಪ ಲೆಡ್ಜರ್ ಮತ್ತೆ ಒಂದು ಎಕ್ಸೆಲ್ ಶೀಟಲ್ಲಿ, ಎರಡೂ ಒಂದಕ್ಕೊಂದು ತಾಳೆ ಆಗಲ್ಲ. ಬಳಸೋರು ಐದು ಥರದವರು: ಕ್ಯಾಷಿಯರ್, ಅಕೌಂಟೆಂಟ್, ಪ್ರಿನ್ಸಿಪಾಲ್, ಪೋಷಕರು, ಸಿಸ್ಟಮ್ ಅಡ್ಮಿನ್. ಕ್ಲಾಸ್ ಟೀಚರ್‌ಗೆ ಲಾಗಿನ್ ಇಲ್ಲ, ಯಾಕಿಲ್ಲ ಅಂತ ಗು-6 ರಲ್ಲಿದೆ. ಸಂಬಳ, ಹಾಜರಿ, ಮಾರ್ಕ್ಸ್ ಕಾರ್ಡ್ ಇವೆಲ್ಲ ಈ ಸಿಸ್ಟಮ್‌ಗೆ ಸಂಬಂಧ ಇಲ್ಲ, ಮಧ್ಯದಲ್ಲಿ ಯಾರಾದ್ರೂ "ಇದೊಂದು ಸೇರಿಸಿಬಿಡಿ" ಅಂದ್ರೆ ಹೊಸ ಆವೃತ್ತಿ ಅಂತ ಲೆಕ್ಕ.

3. ಕಾರ್ಯದ ರಿಕ್ವೈರ್‌ಮೆಂಟ್ಸ್

ಕಾ-1. ಅಕೌಂಟೆಂಟ್ ಕ್ಲಾಸ್‌ವಾರು ಫೀಸ್ ಪಟ್ಟಿ ಮಾಡೋಕ್ಕಾಗ್ಲೇಬೇಕು: ಬೋಧನೆ, ಲ್ಯಾಬ್, ಪರೀಕ್ಷೆ, ಬಸ್ಸು, ಹೀಗೆ ಒಂದೊಂದು ಹೆಡ್‌ಗೂ ಮೊತ್ತ ಮತ್ತೆ ಕೊನೇ ದಿನ. ಪಟ್ಟಿ ಶೈಕ್ಷಣಿಕ ವರ್ಷಕ್ಕೆ ಅಂಟಿಕೊಂಡಿರುತ್ತೆ. ವರ್ಷದ ಮಧ್ಯ ಬಸ್ ಫೀಸ್ ಬದಲಾಯ್ಸಿದ್ರೆ ಈಗಾಗ್ಲೇ ಹಾಕಿರೋ ಡಿಮ್ಯಾಂಡ್, ಅಂದ್ರೆ ಮಗು ಕಟ್ಬೇಕಾದ ಮೊತ್ತ, ತಾನಾಗೇ ಬದಲಾಗ್ಬಾರ್ದು, ಮುಂದಿನ ಕಂತಿಗೆ ಮಾತ್ರ ಅನ್ವಯ.

ಕಾ-2. ಪ್ರತಿ ಕಂತಿಗೆ ಒಂದೇ ಕ್ಲಿಕ್‌ನಲ್ಲಿ ಇಡೀ ಕ್ಲಾಸ್‌ಗೆ ಡಿಮ್ಯಾಂಡ್ ಹಾಕೋಕ್ಕಾಗ್ಲೇಬೇಕು. ತಪ್ಪಿ ಎರಡು ಸಲ ಒತ್ತಿದ್ರೂ ಒಂದೇ ಸಲ ಬೀಳ್ಬೇಕು.

ಕಾ-3. ಇಡೀ ಸಿಸ್ಟಮ್‌ನಲ್ಲಿ ಜಗಳ ಜಾಸ್ತಿ ಬರೋ ಜಾಗ ಇದು, ಅರ್ಧ ದುಡ್ಡು ಕಟ್ಟೋದು. ಪೋಷಕರು ಎಷ್ಟು ತಂದ್ರೂ ತಗೊಳ್ಲೇಬೇಕು, ಪೂರ್ತಿ ತನ್ನಿ ಅಂತ ಸಿಸ್ಟಮ್ ವಾಪಸ್ ಕಳಿಸ್ಬಾರ್ದು. ಬಂದ ದುಡ್ಡು ಮೊದಲು ಹಳೇ ಕಂತಿನ ಬಾಕಿಗೆ, ಆಮೇಲೆ ಈಗಿನ ಕಂತಿಗೆ, ಎಲ್ಲಕ್ಕಿಂತ ಕೊನೆಗೆ ಫೈನ್‌ಗೆ. ಉದಾಹರಣೆ: ಒಂದು ಮಗುವಿಗೆ ಮೊದಲ ಕಂತಲ್ಲಿ 1,500 ಬಾಕಿ, ಎರಡನೇದು 8,000, ಫೈನ್ 200. ಅಪ್ಪ 5,000 ಕೊಟ್ರು ಅಂದ್ಕೊಳಿ. 1,500 ಮೊದಲ ಕಂತಿಗೆ ಹೋಗಿ ಅದು ಚುಕ್ತಾ, ಉಳಿದ 3,500 ಎರಡನೇದಕ್ಕೆ. ಈಗ ಬಾಕಿ 4,500 ಮತ್ತು ಫೈನ್ 200. ಫೈನ್ ಮೊದಲು ಕಳೆದ್ರೆ ಅಸಲು ಹಾಗೇ ಉಳಿದು ಅದರ ಮೇಲೆ ಮತ್ತೆ ಫೈನ್ ಬೀಳುತ್ತೆ, ಕೌಂಟರ್ ಮುಂದೆ ಜನ ಕೂಗಾಡೋದು ಇದೇ ಕಾರಣಕ್ಕೆ. ಈ ಕ್ರಮ ಕ್ಯಾಷಿಯರ್ ಬದಲಾಯ್ಸೋಕೆ ಬರಬಾರ್ದು.

ಕಾ-4. ಅಣ್ಣ ತಂಗಿ ಒಂದೇ ಶಾಲೆಲಿದ್ರೆ ಪೋಷಕರು ಒಟ್ಟಿಗೆ ಕಟ್ಬೋದು, ಆದ್ರೆ ರಸೀದಿ ಮಾತ್ರ ಮಗುವಿಗೊಂದು. ಹಂಚಿಕೆ ಎಷ್ಟೆಷ್ಟು ಅಂತ ಪೋಷಕರನ್ನ ಕೇಳಿಯೇ ಹಾಕ್ಬೇಕು.

ಕಾ-5. ರಸೀದಿ ನಂಬರ್ ಬಿಟ್ಟೂಬಿಡದೆ ಸಾಲಾಗಿ ಬರ್ಲೇಬೇಕು, ಮೂರು ಕೌಂಟರ್‌ಗೂ ಸೇರಿ ಒಂದೇ ಸರಣಿ. ರಸೀದಿನ ತಿದ್ದೋಕೂ ಅಳಿಸೋಕೂ ಆಗ್ಬಾರ್ದು. ಈಗಿನ ಲೆಡ್ಜರ್‌ನಲ್ಲಿ ಒಂದು ಪುಟದಲ್ಲಿ ವೈಟ್‌ನರ್ ಹಚ್ಚಿ ಮೇಲೆ ಬೇರೆ ಮೊತ್ತ ಬರೆದಿದೆ, ಬೆಳಕಿಗೆ ಹಿಡಿದ್ರೆ ಕೆಳಗಿನ ಅಂಕಿ ಅರ್ಧ ಕಾಣುತ್ತೆ, ಯಾರು ಯಾಕೆ ತಿದ್ದಿದ್ರು ಅಂತ ಆಫೀಸಲ್ಲಿ ಒಬ್ಬರಿಗೂ ನೆನಪಿಲ್ಲ. ಅಂಥದ್ದು ಇನ್ಮೇಲೆ ಬೇಡ. ತಪ್ಪಾದ್ರೆ ಅದೇ ಮೊತ್ತದ ಉಲ್ಟಾ ಎಂಟ್ರಿ ಹಾಕಿ ಕಾರಣ ಬರೆದು ಹೊಸ ರಸೀದಿ ಕೊಡೋದು. ಕ್ಯಾನ್ಸಲ್ ಕೇಳೋದು ಕ್ಯಾಷಿಯರ್, ಒಪ್ಪೋದು ಅಕೌಂಟೆಂಟ್, ಇಬ್ಬರೂ ಒಬ್ಬರೇ ಆಗ್ಬಾರ್ದು.

ಕಾ-6. ಚೆಕ್ ತಗೊಂಡ ಕೂಡ್ಲೇ ಜಮಾ ಅಂತ ತೋರಿಸ್ಬಾರ್ದು. "ಚೆಕ್ ಬಂದಿದೆ, ಇನ್ನೂ ಪಾಸಾಗಿಲ್ಲ" ಅನ್ನೋ ಸ್ಟೇಟಸ್ ಇರ್ಲೇಬೇಕು. ಪಾಸಾಗೋತನಕ ಆ ಮೊತ್ತದ ಮೇಲೆ ಫೈನ್ ನಿಲ್ಲುತ್ತೆ, ಬೌನ್ಸ್ ಆದ್ರೆ ಬಾಕಿ ವಾಪಸ್ ಬಂದು ಚೆಕ್ ಕೊಟ್ಟ ದಿನದಿಂದ ಫೈನ್ ಲೆಕ್ಕ ಹಾಕುತ್ತೆ.

ಕಾ-7. ಕನ್ಸೆಶನ್ ಕೇಳಿ ಫಾರ್ಮ್ ಹಾಕೋದು ಅಕೌಂಟೆಂಟ್, ಒಪ್ಪಿಗೆ ಪ್ರಿನ್ಸಿಪಾಲ್‌ದು. ಫೀಸ್‌ನ ಮೊತ್ತನೇ ಕಮ್ಮಿ ಮಾಡಿ ಕೂರಿಸ್ಬಾರ್ದು, ಪೂರ್ತಿ ಡಿಮ್ಯಾಂಡ್ ಒಂದು ಸಾಲು, ಕನ್ಸೆಶನ್ ಕೆಳಗೆ ಇನ್ನೊಂದು ಸಾಲು. ವರ್ಷದ ಕೊನೆಗೆ ಒಟ್ಟು ಎಷ್ಟು ಬಿಟ್ಟುಕೊಟ್ವಿ ಅಂತ ಗೊತ್ತಾಗೋದು ಹಾಗಿದ್ರೇನೇ.

ಕಾ-8. ದಿನ ಮುಗಿದಾಗ ಕ್ಯಾಷಿಯರ್ ಕೈಯಲ್ಲಿರೋ ನಗದನ್ನ ಎಣಿಸಿ ಹಾಕ್ಬೇಕು, ಸಿಸ್ಟಮ್ ತನ್ನ ಲೆಕ್ಕನ ಅದಕ್ಕಿಂತ ಮುಂಚೆ ತೋರಿಸ್ಬಾರ್ದು. ಮೊದಲೇ ತೋರಿಸಿದ್ರೆ ಎಣಿಸದೇ ಅದೇ ಅಂಕಿ ಟೈಪ್ ಮಾಡ್ತಾರೆ, ಮನುಷ್ಯ ಸಹಜ. ವ್ಯತ್ಯಾಸ ಬಂದ್ರೆ ಕಾರಣ ಬರೆದು ದಿನ ಕ್ಲೋಸ್ ಮಾಡ್ಬೋದು.

ಕಾ-9. ರಿಪೋರ್ಟ್‌ಗಳು: ಡೇ ಬುಕ್, ಹೆಡ್‌ವಾರು ವಸೂಲಿ, ಬಾಕಿ ಪಟ್ಟಿ, ಕನ್ಸೆಶನ್ ಪಟ್ಟಿ, ಕ್ಯಾನ್ಸಲ್ ಆದ ರಸೀದಿಗಳು. ಸದ್ಯಕ್ಕೆ ಇಷ್ಟು ಸಾಕು.

4. ಗುಣದ ರಿಕ್ವೈರ್‌ಮೆಂಟ್ಸ್

ಗು-1. ಮೂರು ಕೌಂಟರ್ ಮತ್ತೆ 100 ಪೋಷಕರು ಒಟ್ಟಿಗೆ ಒಳಗಿದ್ದಾಗ್ಲೂ "ಉಳಿಸು" ಒತ್ತಿದ ಮೇಲೆ 100 ಸಲದಲ್ಲಿ 95 ಸಲ 2 ಸೆಕೆಂಡ್ ಒಳಗೆ ರಸೀದಿ ನಂಬರ್ ಸ್ಕ್ರೀನ್‌ಗೆ ಬರ್ಲೇಬೇಕು. ಸರಾಸರಿ ಲೆಕ್ಕ ಬೇಡ, ಸರಾಸರಿ ಚೆನ್ನಾಗಿದ್ರೂ ಕೊನೇ ದಿನ ಕ್ಯೂ ಗೇಟ್ ತನಕ ಹೋಗಿರುತ್ತೆ.

ಗು-2. ದುಡ್ಡನ್ನ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಇಡ್ಲೇಬಾರ್ದು. ಬೈನರಿ ಫ್ಲೋಟ್‌ನಲ್ಲಿ `0.1 + 0.2` ಮಾಡಿದ್ರೆ `0.30000000000000004` ಬರುತ್ತೆ, ಒಂದು ರಸೀದಿಲಿ ಕಣ್ಣಿಗೆ ಕಾಣ್ದಿದ್ರೂ ಸಾವಿರಾರು ಸಾಲು ಕೂಡಿದಾಗ ಡೇ ಬುಕ್ ತಾಳೆ ಆಗಲ್ಲ. ಕರೆನ್ಸಿಯ ಅತಿ ಸಣ್ಣ ಘಟಕದಲ್ಲಿ ಪೂರ್ಣಾಂಕವಾಗಿ ಇಡಿ.

ಗು-3. ತಿಂಗಳಿಗೆ 99.5% ಹೊತ್ತು ಸಿಸ್ಟಮ್ ಎದ್ದಿರ್ಬೇಕು. 30 ದಿನದ ತಿಂಗಳಲ್ಲಿ ಇದು 3 ಗಂಟೆ 36 ನಿಮಿಷ ಬಿದ್ದಿರೋಕೆ ಅವಕಾಶ, ಆದ್ರೆ ಆ ಹೊತ್ತು ಕಂತಿನ ಕೊನೇ ಮೂರು ದಿನ ಬೆಳಿಗ್ಗೆ 9 ರಿಂದ ಸಂಜೆ 5 ರ ಒಳಗೆ ಬರಬಾರ್ದು.

ಗು-4. ಸರ್ವರ್ ಸುಟ್ಟೇ ಹೋದ್ರೂ ಹೆಚ್ಚಂದ್ರೆ 15 ನಿಮಿಷದ ಎಂಟ್ರಿ ಕಳ್ಕೊಬೋದು, 4 ಗಂಟೆ ಒಳಗೆ ಮತ್ತೆ ಶುರು ಆಗ್ಲೇಬೇಕು. ಬ್ಯಾಕಪ್ ಇದೆ ಅಂತ ಬಾಯಲ್ಲಿ ಹೇಳಿದ್ರೆ ಸಾಲ್ದು, ಮೂರು ತಿಂಗಳಿಗೊಮ್ಮೆ ಬೇರೆ ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿ ತೋರಿಸ್ಬೇಕು.

ಗು-5. ಪಾಸ್‌ವರ್ಡ್ ಹ್ಯಾಶ್ ಮಾಡಿಯೇ ಇಡ್ಬೇಕು, ಸಂಪರ್ಕ ಟಿಎಲ್‌ಎಸ್ 1.2 ಅಥವಾ ಮೇಲಿನದು. ಕಾರ್ಡ್ ನಂಬರ್, ಸಿವಿವಿ ನಮ್ಮ ಡೇಟಾಬೇಸ್ ಮುಟ್ಟಲೇಬಾರ್ದು, ಲಾಗ್ ಫೈಲಲ್ಲೂ ಕಾಣ್ಬಾರ್ದು. ಅದೆಲ್ಲ ಆನ್‌ಲೈನ್ ದುಡ್ಡು ತಗೊಳೋ ಪೇಮೆಂಟ್ ಗೇಟ್‌ವೇ ಪುಟದಲ್ಲೇ ಮುಗೀಬೇಕು.

ಗು-6. ಯಾವ ಮಗುವಿನ ಬಾಕಿ ಎಷ್ಟು ಅನ್ನೋದು ಕ್ಲಾಸ್‌ರೂಮ್‌ಗೆ ಹೋಗ್ಬಾರ್ದು. ಬಾಕಿ ಪಟ್ಟಿ ಟೀಚರ್ ಕೈಗೆ ಸಿಕ್ರೆ ಅದನ್ನ ಮಕ್ಕಳ ಮುಂದೆ ಓದ್ತಾರೆ, ನಾನೇ ಶಾಲೆಲಿದ್ದಾಗ ಬೆಂಚ್ ಮೇಲೆ ನಿಂತಿದೀನಿ, ಮರ್ತಿಲ್ಲ. ಹಾಗಾಗಿ ಬಾಕಿ ಪಟ್ಟಿ ನೋಡೋದು, ಡೌನ್‌ಲೋಡ್ ಮಾಡೋದು ಅಕೌಂಟೆಂಟ್ ಮತ್ತು ಪ್ರಿನ್ಸಿಪಾಲ್ ಮಾತ್ರ, ಯಾರು ಯಾವಾಗ ತೆಗೆದ್ರು ಅಂತ ದಾಖಲೆ ಆಗ್ಲೇಬೇಕು.

ಗು-7. ಹೊಸ ಕ್ಯಾಷಿಯರ್ ಅರ್ಧ ದಿನದ ಟ್ರೈನಿಂಗ್ ಆದ್ಮೇಲೆ ಯಾರ ಸಹಾಯನೂ ಇಲ್ದೆ 10 ರಸೀದಿ ತಪ್ಪಿಲ್ದೆ ಮಾಡ್ಬೇಕು. ಇದನ್ನ ಸಾಫ್ಟ್‌ವೇರ್ ನೋಡಿರದ ಇಬ್ಬರನ್ನ ಕೂರಿಸಿ ಟೆಸ್ಟ್ ಮಾಡ್ತೀವಿ.

5. ಸಂಪರ್ಕದ ರಿಕ್ವೈರ್‌ಮೆಂಟ್ಸ್

ಸಂ-1, ಕೌಂಟರ್ ಸ್ಕ್ರೀನ್. ಮೌಸ್ ಮುಟ್ಟದೆ ಕೀಬೋರ್ಡ್‌ನಲ್ಲೇ ರಸೀದಿ ಮುಗೀಬೇಕು. ಹುಡುಕೋದು ಅಡ್ಮಿಷನ್ ನಂಬರ್, ಹೆಸರು ಅಥವಾ ಪೋಷಕರ ಮೊಬೈಲ್‌ನಿಂದ. ಒಂದೇ ಹೆಸರಿನ ಇಬ್ಬರಿದ್ರೆ ಕ್ಲಾಸ್, ಸೆಕ್ಷನ್, ಅಪ್ಪ ಅಥವಾ ಅಮ್ಮನ ಹೆಸರು ಪಕ್ಕದಲ್ಲೇ ಕಾಣ್ಲೇಬೇಕು.

ಸಂ-2, ಪ್ರಿಂಟರ್. 80 ಮಿಮೀ ಥರ್ಮಲ್ ಪೇಪರ್. ನಮ್ಮ ಪ್ರಿಂಟರ್ ಒಳಗಡೆ ಕನ್ನಡ ಫಾಂಟ್ ಇಲ್ಲ, ನೇರ ಅಕ್ಷರ ಕಳಿಸಿದ್ರೆ ಬರೀ ಪ್ರಶ್ನೆ ಚಿಹ್ನೆ ಬರುತ್ತೆ, ಹಾಗಾಗಿ ರಸೀದಿನ 576 ಚುಕ್ಕಿ ಅಗಲದ ಚಿತ್ರವಾಗಿ ಮಾಡಿ ಕಳಿಸ್ಲೇಬೇಕು. ಪೇಪರ್ ಖಾಲಿಯಾಗಿ ಅರ್ಧಕ್ಕೆ ನಿಂತ್ರೂ ದುಡ್ಡು ಜಮಾ ಆಗೇ ಇರುತ್ತೆ, ಮತ್ತೆ ಪ್ರಿಂಟ್ ಕೊಟ್ಟಾಗ ಹಳೇ ನಂಬರೇ ಬಂದು ಮೇಲೆ "ನಕಲು" ಅಂತ ಬೀಳ್ಬೇಕು.

ಸಂ-3, ಪೇಮೆಂಟ್ ಗೇಟ್‌ವೇ. ದುಡ್ಡು ಬಂತು ಅಂತ ನಂಬೋದು ಗೇಟ್‌ವೇ ಸರ್ವರ್‌ನಿಂದ ನೇರ ಬರೋ ಮೆಸೇಜನ್ನ ಮಾತ್ರ, ಪೋಷಕರ ಬ್ರೌಸರ್ "ಸಕ್ಸಸ್" ಪುಟಕ್ಕೆ ಬಂದಿದ್ದನ್ನಲ್ಲ. ಮೆಸೇಜ್ ಹೀಗಿರುತ್ತೆ:

```json
{
  "order_id": "F26-004183",
  "amount_minor": 500000,
  "status": "captured"
}
```

ಇಲ್ಲಿ 500000 ಅಂದ್ರೆ 5,000.00, ಗು-2 ರ ಪ್ರಕಾರ. ಮೆಸೇಜ್ ಗೇಟ್‌ವೇದೇ ಅಂತ ಖಾತ್ರಿ ಆಗೋಕೆ ಮೊದಲು HMAC-SHA256 ಸಹಿ ತಾಳೆ ನೋಡ್ಬೇಕು, ಆಮೇಲೆ ಮೊತ್ತ ನಮ್ಮ ಆರ್ಡರ್‌ಗೆ ಸರಿ ಇದೆಯಾ ಅಂತ. ಅದೇ ಮೆಸೇಜ್ ಎರಡು ಮೂರು ಸಲ ಬರೋದು ಮಾಮೂಲು, `order_id` ಒಂದೇ ಇದ್ರೆ ರಸೀದಿ ಒಂದೇ. ಮೆಸೇಜ್ ಬರದೇ 15 ನಿಮಿಷ ಕಳೆದ್ರೆ ಸಿಸ್ಟಮ್ ತಾನೇ ಹೋಗಿ ಗೇಟ್‌ವೇನ ಕೇಳ್ಬೇಕು, ಅಲ್ಲೀತನಕ ಪೋಷಕರಿಗೆ "ಪರಿಶೀಲನೆಯಲ್ಲಿದೆ, ಮತ್ತೆ ಕಟ್ಬೇಡಿ" ಅಂತ ಕಾಣ್ಬೇಕು.

ಸಂ-4, ಎಸ್‌ಎಂಎಸ್. ಇಂಗ್ಲಿಷ್ ಅಕ್ಷರದಲ್ಲಾದ್ರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ, ಅದು ದಾಟಿದ್ರೆ ತುಂಡು ತುಂಡಾಗಿ ಒಂದೊಂದರಲ್ಲಿ 67. ಜೊತೆಗೆ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ, "ರಸೀದಿ" ಅಂದ್ರೆ ನಮ್ಮ ಕಣ್ಣಿಗೆ ಮೂರು, ಎಣಿಕೆಲಿ ಐದು. ಹಾಗಾಗಿ ಮೆಸೇಜ್ ಇಷ್ಟೇ: "ರಸೀದಿ 4183, ಜಮಾ 5000, ಬಾಕಿ 4700". ಮಗುವಿನ ಹೆಸರು ಬೇಡ, ಫೋನ್ ಯಾರ ಕೈಲಿರುತ್ತೋ.

ಸಂ-5, ಅಕೌಂಟ್ಸ್ ಸಾಫ್ಟ್‌ವೇರ್. ದಿನ ಕ್ಲೋಸ್ ಆದ್ಮೇಲೆ ಹೆಡ್‌ವಾರು ಒಂದು ಸಿಎಸ್‌ವಿ ಫೈಲ್, UTF-8 ನಲ್ಲಿ, ಶುರುವಲ್ಲಿ ಬಿಒಎಂ ಅನ್ನೋ ಎನ್‌ಕೋಡಿಂಗ್ ಗುರುತು ಸೇರಿಸಿ, ಇಲ್ದಿದ್ರೆ ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕನ್ನಡ ಕೆಟ್ಟುಹೋಗುತ್ತೆ. ನೇರ ಜೋಡಣೆ ಇದ್ರೆ ಒಳ್ಳೇದು.

6. ಒಪ್ಪಿಗೆ ಮತ್ತು ಇನ್ನೂ ತೀರ್ಮಾನ ಆಗದ್ದು

ಪ್ರತಿ ನಂಬರ್‌ಗೂ ಕನಿಷ್ಠ ಒಂದು ಟೆಸ್ಟ್ ಕೇಸ್ ಇರ್ಲೇಬೇಕು. ಒಂದೇ ಟೆಸ್ಟ್‌ನಲ್ಲಿ "ಕಾ" ಮತ್ತು "ಗು" ಎರಡನ್ನೂ ಪಾಸ್ ಮಾಡಿಸೋ ಜಾಣತನ ಬೇಡ: ರಸೀದಿ ಸರಿ ಬಂತಾ ಅನ್ನೋದು ಒಂದು, 2 ಸೆಕೆಂಡಲ್ಲಿ ಬಂತಾ ಅನ್ನೋದು ಇನ್ನೊಂದು.

ಎರಡು ವಿಷಯ ಬಾಕಿ ಇದೆ. ಹಳೇ ಲೆಡ್ಜರ್‌ನಿಂದ ಎಷ್ಟು ವರ್ಷದ ಬಾಕಿ ತರೋದು ಅಂತ ಅಕೌಂಟೆಂಟ್ ಹೇಳ್ಬೇಕು, ನಮ್ಮ ಸಲಹೆ ಎರಡೇ ವರ್ಷ, ಅದೂ ಪೋಷಕರ ಹತ್ರ ಇರೋ ರಸೀದಿ ಜೊತೆ ತಾಳೆ ನೋಡಿದ ಮೇಲೆ. ಇನ್ನೊಂದು, ಮಗು ವರ್ಷದ ಮಧ್ಯ ಶಾಲೆ ಬಿಟ್ರೆ ಕಟ್ಟಿದ ಬಸ್ ಫೀಸ್ ತಿಂಗಳ ಲೆಕ್ಕದಲ್ಲಿ ವಾಪಸ್ಸೋ ಕಂತಿನ ಲೆಕ್ಕದಲ್ಲೋ ಅಂತ ಪ್ರಿನ್ಸಿಪಾಲ್ ಬರೆದು ಕೊಡ್ಬೇಕು. ಅದು ಕೈಗೆ ಬರೋತನಕ ರಿಫಂಡ್ ಬಟನ್ ಸ್ಕ್ರೀನ್ ಮೇಲೆ ಇರಲ್ಲ.