ಶಾರದಕ್ಕ, ಹೊಸ ಕಾಯಿ ಬಂದಿದೆ. ನಿಮ್ಮದೊಂದು ಹಳೇ ಬಾಕಿಯೂ ನಮ್ಮಲ್ಲಿದೆ

ಬ್ಯಾಡಗಿ,
ಫೆಬ್ರುವರಿ 10

ಕುಂದಾಪುರದ ಶಾರದಕ್ಕನವರಿಗೆ ಬ್ಯಾಡಗಿಯಿಂದ ಬಸವರಾಜ ಮಾಡುವ ನಮಸ್ಕಾರಗಳು.

ಮನೆಯಲ್ಲಿ ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಈ ಕಾಗದದ ಜೊತೆ ಅರ್ಧ ಕಿಲೋ ಕಡ್ಡಿ ಕಾಯಿ ಕಳಿಸಿದ್ದೇನೆ. ಅದಕ್ಕೆ ಬಿಲ್ ಇಲ್ಲ. ಇದೇ ವರ್ಷದ ಹೊಸ ಮಾಲು.

ಕಾಯಿ ಅಂತ ಬರೆದ ಕೂಡಲೇ ನಿಮ್ಮ ಮೊದಲನೇ ಫೋನ್ ನೆನಪಾಯಿತು. "ಕಾಯಿ ಎಷ್ಟು ಬೇಕು ಅಕ್ಕಾ?" ಅಂತ ನಾನು ಕೇಳಿದ್ದೆ. "ಕಾಯಿ ನಮ್ಮ ತೋಟದಲ್ಲೇ ಉಂಟು ಮಾರಾಯ್ರೆ, ನಂಗೆ ಮೆಣಸು ಬೇಕು" ಅಂದಿರಿ ನೀವು. ನಮ್ಮ ಪೇಟೆಯಲ್ಲಿ ಕಾಯಿ ಅಂದರೆ ಮೆಣಸಿನಕಾಯಿ ಒಂದೇ, ತೆಂಗಿನಕಾಯಿ ಯಾರ ತಲೆಗೂ ಬರುವುದಿಲ್ಲ. ಅಂಗಡಿಯಲ್ಲಿ ಈಗಲೂ ಈ ಮಾತು ಹೇಳಿಕೊಂಡು ನಗುತ್ತೇವೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಖಾತೆ ಪುಸ್ತಕ ತಿರುಗಿಸುತ್ತಿದ್ದೆ. ನಿಮ್ಮ ಪುಟದಲ್ಲಿ ಕೊನೆಯ ಸಾಲು ಕಳೆದ ಜುಲೈ ತಿಂಗಳದ್ದು. ಅದರ ಮುಂಚೆ ನೋಡಿದರೆ ಎರಡು ತಿಂಗಳಿಗೊಮ್ಮೆ 40 ಕಿಲೋ, ತಪ್ಪದೆ. ದೀಪಾವಳಿಗೆ ಫೋನ್ ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಸಂಕ್ರಾಂತಿಯೂ ಹೋಯಿತು. ನಾನೇ ಫೋನ್ ಮಾಡಬೇಕು ಅನ್ನಿಸಿದಾಗಲೆಲ್ಲ ಸ್ವಲ್ಪ ಹಿಂಜರಿದೆ. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಜುಲೈನಲ್ಲಿ ಕಳಿಸಿದ ಮಾಲಿನಲ್ಲಿ ಮೂರೂವರೆ ಕಿಲೋ ಬೂಸ್ಟು ಹಿಡಿದಿತ್ತು ಅಂತ ನೀವು ಫೋಟೋ ಹಾಕಿದ್ದಿರಿ. "ಮುಂದಿನ ಸಲ ಅಡ್ಜಸ್ಟ್ ಮಾಡೋಣ ಅಕ್ಕಾ" ಅಂದೆ. ನೀವು "ಆಯ್ತು" ಅಂದಿರಿ, ಅಷ್ಟೇ. ಜಗಳ ಮಾಡಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ನೀವು ಜಗಳ ಮಾಡುವವರಲ್ಲ, ಸುಮ್ಮನೆ ಬೇರೆ ಕಡೆ ತಗೊಳ್ಳುವವರು. ಇದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆಗ ನಾನು ಲಾರಿಯವನನ್ನು ಬೈದಿದ್ದೆ. ತಾಡಪಾಲು ಸರಿಯಾಗಿ ಕಟ್ಟಿಲ್ಲ, ಘಾಟಿಯ ಮಳೆಯಲ್ಲಿ ನೆನೆದಿದೆ ಅಂತ. ಪಾಪ, ಅವನ ತಪ್ಪಲ್ಲ. ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬ ಗಿರಾಕಿಗೂ ಹೀಗೇ ಆಯಿತು. ಅವತ್ತು ಮಳೆಯೇ ಇರಲಿಲ್ಲ. ಆಮೇಲೆ ನೋಡಿದರೆ ತಪ್ಪು ನಮ್ಮ ಅಂಗಡಿಯದ್ದೇ. ಮಳೆಗಾಲದಲ್ಲಿ ನಿಮಗೆ ಹೋಗುವ ಮಾಲು ಕೋಲ್ಡ್ ಸ್ಟೋರೇಜ್‌ನದ್ದು. ಒಳಗೆ ಫ್ರಿಜ್ಜಿನಷ್ಟು ತಂಪು. ಹೊರಗೆ ತಂದ ಚೀಲವನ್ನು ಕೂಡಲೇ ಬಿಚ್ಚಿದರೆ, ತಣ್ಣನೆ ಚೊಂಬಿನ ಮೇಲೆ ನೀರು ಕೂರುವ ಹಾಗೆ ಗಾಳಿಯ ಪಸೆ ಕಾಯಿ ಮೇಲೆ ಕೂರುತ್ತದೆ. ಜುಲೈನಲ್ಲಿ ನಿಮ್ಮ ಮಾಲು ಕಳಿಸಿದ ದಿನ ನಮ್ಮ ಹುಡುಗರು ಬೆಳಿಗ್ಗೆ ಚೀಲ ತಂದು, ಅಲ್ಲೇ ಬಿಚ್ಚಿ, ತೂಕ ಮಾಡಿ, ಪ್ಲಾಸ್ಟಿಕ್ ಕವರಿಗೆ ತುಂಬಿ, ಸಂಜೆ ಲಾರಿಗೆ ಹಾಕಿದ್ದರು. ಪಸೆ ಒಳಗೇ ಉಳಿಯಿತು. ನಿಮ್ಮ ಊರಿನ ಸೆಖೆ ಉಳಿದ ಕೆಲಸ ಮಾಡಿತು.

ಈಗ ಕೋಲ್ಡ್ ಸ್ಟೋರೇಜ್‌ನಿಂದ ತಂದ ಚೀಲವನ್ನು ಒಂದು ದಿನ ಬಾಯಿ ಕಟ್ಟಿದ ಹಾಗೇ ಇಡುತ್ತೇವೆ. ಮಾರನೇ ದಿನ ಬಿಚ್ಚಿ, ಮೀಟರ್ ಹಿಡಿದು ತೇವ ನೋಡಿ, ಆಮೇಲೆ ತುಂಬುತ್ತೇವೆ. ಇಡೀ ಒಣಮೆಣಸಿನಲ್ಲಿ ತೇವ ಶೇ 11 ಮೀರಬಾರದು ಅಂತ ಆಹಾರ ಸುರಕ್ಷತೆಯ ನಿಯಮವೇ ಇದೆ. ಮೀಟರಿನಲ್ಲಿ ಬಂದ ಅಂಕಿಯನ್ನು ಪ್ರತಿ ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆಯುತ್ತೇವೆ. ಈಗ ಕಳಿಸಿದ ಅರ್ಧ ಕಿಲೋ ಮೇಲೂ ಬರೆದಿದೆ, ನೋಡಿ.

ಆ ಮೂರೂವರೆ ಕಿಲೋ ಕಾಯಿಗೆ ಆಗಿನ ದರ 320ರ ಲೆಕ್ಕದಲ್ಲಿ 1,120 ರೂಪಾಯಿ ಆಗುತ್ತದೆ. ಅದು ನಿಮ್ಮ ದುಡ್ಡು. ಆರ್ಡರ್ ಕೊಟ್ಟರೆ ಮೊದಲ ಬಿಲ್ಲಿನಲ್ಲಿ ಕಳೆಯುತ್ತೇನೆ. ಆರ್ಡರ್ ಬೇಡ ಅಂದರೂ ಒಂದು ಮೆಸೇಜ್ ಹಾಕಿ, ಅವತ್ತೇ ಯುಪಿಐ ಮಾಡುತ್ತೇನೆ. ಏಳು ತಿಂಗಳು ತಡವಾಗಿದ್ದಕ್ಕೆ ಕ್ಷಮೆ ಇರಲಿ.

ಈ ವರ್ಷದ ಪೇಟೆ ಹೇಗಿದೆ ಅಂತ ಎರಡು ಮಾತು. ಸೀಸನ್ ಜೋರಾಗಿದೆ. ಸೋಮವಾರ, ಗುರುವಾರ ಬಂತೆಂದರೆ ಎಪಿಎಂಸಿ ಕಡೆ ಬೈಕೂ ಹೋಗುವುದಿಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಲಾರಿ ಮೇಲೆ ಲಾರಿ. ಚೀಲ ಜಾಸ್ತಿ ಬಂದಿದೆ ನಿಜ, ಎಲ್ಲವೂ ಬ್ಯಾಡಗಿ ಕಾಯಿ ಅಲ್ಲ ಅನ್ನುವುದೂ ನಿಜ. ಬ್ಯಾಡಗಿ ಕಾಯಿಗೆ 2011ರಲ್ಲೇ ಜಿಐ ಗುರುತು ಸಿಕ್ಕಿದೆ. ಆದರೆ ನೋಡಲು ಹಾಗೇ ಇರುವ ಹೈಬ್ರಿಡ್ ಕಾಯಿ ಈಗ ಎಲ್ಲ ಕಡೆ ಬೆರೆಯುತ್ತದೆ. ಬಣ್ಣ ಇರುತ್ತದೆ, ಸುಕ್ಕೂ ಸ್ವಲ್ಪ ಇರುತ್ತದೆ, ಖಾರ ಮಾತ್ರ ಬೇರೆ. ನಿಮ್ಮ ಸಾರಿನ ಪುಡಿ ಮಕ್ಕಳೂ ತಿನ್ನುವ ಹಾಗಿರುತ್ತದೆ ಅಂತ ನೀವೇ ಹೇಳಿದ್ದಿರಿ. ಈ ಬೆರಕೆ ಕಾಯಿ ಹಾಕಿದರೆ ಅದು ಕೆಡುತ್ತದೆ. ನಿಮ್ಮ ಕೈರುಚಿ ಕೆಟ್ಟಿತು ಅಂತ ಗಿರಾಕಿಗಳು ನಿಮ್ಮನ್ನು ಅನ್ನುತ್ತಾರೆಯೇ ಹೊರತು, ಬ್ಯಾಡಗಿಯಲ್ಲಿ ಕೂತ ನಮ್ಮನ್ನಲ್ಲ.

ಅದಕ್ಕೇ ಈ ಸಲ ನಿಮಗೆ ಅಂತ ಬೇರೆ ಮಾಲು ತೆಗೆದಿದ್ದೇನೆ. ಕುಂದಗೋಳ ಕಡೆಯ ರೈತರೊಬ್ಬರ 9 ಚೀಲ ಕಡ್ಡಿ. ಬೀಜ ಅವರ ಮನೆಯದ್ದೇ, ಒಣಗಿಸಿದ್ದು ಅವರ ಹೊಲದಲ್ಲೇ. ಮೊನ್ನೆ ಗುರುವಾರ ಟೆಂಡರಿನಲ್ಲಿ ಹಿಡಿದೆ. ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ತಳದ ಕಾಯಿ ತೆಗೆದು ನೋಡಿದ್ದೇನೆ. ಮೇಲೆ ಹೇಗಿದೆಯೋ ತಳದಲ್ಲೂ ಹಾಗೇ ಇದೆ. ಪೇಟೆಯಲ್ಲಿ ಇದು ಎಲ್ಲ ಚೀಲದಲ್ಲೂ ಸಿಗುವ ಭಾಗ್ಯ ಅಲ್ಲ.

ನೀವೂ ಪರೀಕ್ಷೆ ಮಾಡಿ. ಒಂದು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಬೀಜ ಗಲಗಲ ಅನ್ನಬೇಕು. ನಾಲ್ಕು ಕಾಯಿ ನೀರಿಗೆ ಹಾಕಿ, ನಾಲ್ಕು ಎಣ್ಣೆಗೆ ಹಾಕಿ. ಕಾಯಿಯ ಸ್ವಂತ ಬಣ್ಣ ನೀರಿಗೆ ಬಿಡುವುದು ಕಡಿಮೆ, ಎಣ್ಣೆಗೆ ಬಿಡುವುದು ಜಾಸ್ತಿ. ಹಾಕಿದ ಕೂಡಲೇ ನೀರು ಕೆಂಪಾದರೆ ಆ ಮಾಲಿನ ಮೇಲೆ ಸಂಶಯ ಪಡಬೇಕು. ಆಮೇಲೆ ನಿಮ್ಮ ರೀತಿಯಲ್ಲಿ ಹುರಿದು, ತೆಂಗಿನಕಾಯಿ ಜೊತೆ ಒಮ್ಮೆ ಅರೆದು ನೋಡಿ. ಕೊನೆಯ ಪರೀಕ್ಷೆ ನಿಮ್ಮದೇ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ.

ಈಗ ಲೆಕ್ಕ. ಮಾರ್ಚ್, ಮೇ, ಜುಲೈ ಮೂರು ಸಲ, ಒಂದೊಂದು ಸಲಕ್ಕೆ 40 ಕಿಲೋ, ಒಟ್ಟು 120 ಕಿಲೋ ನಿಮ್ಮ ಹೆಸರಿನಲ್ಲಿ ಎತ್ತಿಡುತ್ತೇನೆ. ತೊಟ್ಟು ಬಿಡಿಸಿದ ಕಾಯಿ, ಕಿಲೋಗೆ 360 ರೂಪಾಯಿ. ಮೂರೂ ಸಲಕ್ಕೆ ಇದೇ ದರ. ನಡುವೆ ಪೇಟೆ ಏರಿದರೂ ನಿಮಗೆ ಏರುವುದಿಲ್ಲ. ಇಳಿದರೆ ಇಳಿದ ದರವೇ ಹಾಕುತ್ತೇನೆ. ಕೋಲ್ಡ್ ಸ್ಟೋರೇಜ್ ಬಾಡಿಗೆ, ತೊಟ್ಟು ಬಿಡಿಸುವ ಕೂಲಿ, ಕುಂದಾಪುರದವರೆಗಿನ ಲಾರಿ ಬಾಡಿಗೆ ಎಲ್ಲ ನಮ್ಮದು. ಶೇ 5 ಜಿಎಸ್‌ಟಿ ಸೇರಿದರೆ ಒಂದು ಸಲದ ಬಿಲ್ 15,120 ರೂಪಾಯಿ. ಮೊದಲನೇ ಸಲ ನಿಮ್ಮ 1,120 ಕಳೆದು 14,000. ಮುಂಗಡ ಏನೂ ಬೇಡ. ಮಾಲು ಬಿಚ್ಚಿ ನೋಡಿ, ಮೊದಲಿನ ಹಾಗೇ ಹದಿನೈದು ದಿನದೊಳಗೆ ಹಾಕಿದರೆ ಆಯಿತು.

ಜುಲೈನಲ್ಲಿ 320 ಇತ್ತು, ಈಗ 360 ಯಾಕೆ ಅಂತ ಕೇಳುತ್ತೀರಿ, ಅಲ್ವಾ? ಅವತ್ತಿನದು ತೊಟ್ಟು ಇದ್ದ ಕಾಯಿ. ತೊಟ್ಟು ಬಿಡಿಸಲು ನಿಮ್ಮ ಮನೆ ಜಗಲಿಯಲ್ಲಿ ಮೂವರು ಎರಡು ದಿನ ಕೂರುತ್ತಾರೆ ಅಂತ ನೀವೇ ಹೇಳಿದ್ದಿರಿ. ತೂಕದಲ್ಲೂ ತೊಟ್ಟಿಗೆ ದುಡ್ಡು ಕೊಟ್ಟಿರುತ್ತೀರಿ. ಈಗ ಬಂದ ಕಾಯಿಯನ್ನು ನೇರ ಹುರಿಯುವ ಬಾಣಲೆಗೆ ಹಾಕಬಹುದು. ತೊಟ್ಟು ಇರುವುದೇ ಬೇಕು ಅಂದರೆ ಹೇಳಿ, ದರ ಕಡಿಮೆ ಮಾಡಿ ಕಳಿಸುತ್ತೇನೆ.

ಇನ್ನೊಂದು ಬದಲಾವಣೆ. ಮೊದಲು 20 ಕಿಲೋದ ಎರಡು ಚೀಲ ಕಳಿಸುತ್ತಿದ್ದೆವು. ಒಂದು ಚೀಲ ಬಿಚ್ಚಿದರೆ ಅದು ಮುಗಿಯುವ ಹೊತ್ತಿಗೆ ನಿಮ್ಮ ಮಳೆಗಾಲದಲ್ಲಿ ಕಾಯಿ ಮೆತ್ತಗಾಗುತ್ತದೆ. ಈ ಸಲ 10 ಕಿಲೋದ ನಾಲ್ಕು ಪೊಟ್ಟಣ, ಒಳಗೆ ದಪ್ಪ ಕವರ್, ಹೊರಗೆ ಗೋಣಿ. ಬೇಕಾದಷ್ಟನ್ನೇ ಬಿಚ್ಚಿ. ಪೊಟ್ಟಣದಲ್ಲಿ ಬೂಸ್ಟು ಕಂಡರೆ ಒಂದು ಫೋಟೋ ಸಾಕು. ಇನ್ನು "ಮುಂದಿನ ಸಲ" ಅನ್ನುವ ಮಾತಿಲ್ಲ, ಅದೇ ವಾರ ಬೇರೆ ಪೊಟ್ಟಣ ಬರುತ್ತದೆ.

ಈ ಮಾಲನ್ನು ಫೆಬ್ರುವರಿ ಕೊನೆಯವರೆಗೆ ಬೇರೆ ಯಾರಿಗೂ ಕೊಡದೆ ಇಟ್ಟುಕೊಳ್ಳುತ್ತೇನೆ. ಆಮೇಲೆ ಇಡುವುದು ಕಷ್ಟ, ಕೋಲ್ಡ್ ಸ್ಟೋರೇಜ್‌ನವರು ಜಾಗ ಕೇಳುತ್ತಾರೆ. ಅವಸರ ಪಡಿಸುತ್ತಿಲ್ಲ ಅಕ್ಕಾ. ಆದರೆ ಯುಗಾದಿ ಬಂತು, ಅದರ ಹಿಂದೆಯೇ ಮದುವೆ ಸೀಸನ್. ಮೇ ತಿಂಗಳಲ್ಲಿ ಬೊಂಬಾಯಿ, ಬೆಂಗಳೂರಿನಿಂದ ಊರಿಗೆ ಬಂದವರು ಹೋಗುವಾಗ ಚೀಲ ತುಂಬ ನಿಮ್ಮ ಪುಡಿ ಕಟ್ಟಿಸಿಕೊಂಡು ಹೋಗುತ್ತಾರೆ. ಆ ಹೊತ್ತಿಗೆ ಮೆಣಸು ಹುಡುಕುತ್ತಾ ಕೂರುವುದು ಬೇಡ ಅಂತ ಈಗಲೇ ನೆನಪು ಮಾಡಿದೆ.

120 ಜಾಸ್ತಿ ಆಯಿತು ಅನ್ನಿಸಿದರೆ ಮಾರ್ಚ್‌ನ 40 ಕಿಲೋ ಮಾತ್ರ ಹೇಳಿ, ಅಥವಾ 10 ಕಿಲೋದ ಒಂದೇ ಪೊಟ್ಟಣ. ದರ ಅದೇ. ಬೇರೆ ಕಡೆ ಒಳ್ಳೇ ಮಾಲು ಸಿಕ್ಕಿದ್ದರೆ, ಅಥವಾ ಪುಡಿ ಮಾಡುವುದನ್ನೇ ಸ್ವಲ್ಪ ನಿಲ್ಲಿಸಿದ್ದರೆ, ಅದನ್ನೂ ಹೇಳಿ. ಬೇಜಾರಿಲ್ಲ, ಮತ್ತೆ ಮತ್ತೆ ಕಾಡುವುದೂ ಇಲ್ಲ.

ನಂಬರ್ ಹಳೆಯದೇ ಇದೆ. ವಾಟ್ಸಾಪಿನಲ್ಲಿ "40" ಅಂತ ಹಾಕಿದರೂ ಸಾಕು, ಉಳಿದದ್ದು ನಾನು ಮಾಡುತ್ತೇನೆ. ಸೋಮವಾರ, ಗುರುವಾರ ಮಧ್ಯಾಹ್ನದವರೆಗೆ ಟೆಂಡರ್ ಗಲಾಟೆಯಲ್ಲಿ ಫೋನ್ ಕೇಳಿಸುವುದಿಲ್ಲ. ಸಂಜೆ ನಾನೇ ತಿರುಗಿ ಮಾಡುತ್ತೇನೆ.

ಇಂತಿ ನಿಮ್ಮ,
ಬಸವರಾಜ
ಮೆಣಸಿನಕಾಯಿ ವ್ಯಾಪಾರ, ಬ್ಯಾಡಗಿ

ತಾ.ಕ.: ಕಳಿಸಿದ ಕಾಯಿಯನ್ನು ಹುರಿಯುವ ಮುಂಚೆ ಬಿಸಿಲಿಗೆ ಹಾಕುವುದಾದರೆ ಒಂದು ಗಂಟೆ ಸಾಕು. ದಿನವಿಡೀ ಬಿಟ್ಟರೆ ಬಣ್ಣ ಮಾಸುತ್ತದೆ, ಆಮೇಲೆ ಬಸವರಾಜ ಮತ್ತೆ ಹಳೇ ಮಾಲು ಕಳಿಸಿದ ಅಂತೀರಿ.