ನಡತೆ ನಿಯಮಗಳು: ಸಹಿ ಹಾಕುವ ಮುಂಚೆ

ನಮಸ್ಕಾರ,

ಸೋಮವಾರ ನಿಮ್ಮ ಕೈಗೆ ಬಂದ ನೀಲಿ ರಟ್ಟಿನ ಕೈಪಿಡಿಯಲ್ಲಿ ನಾಲ್ಕನೇ ಅಧ್ಯಾಯ ನಡತೆ ನಿಯಮಗಳದ್ದು. 14 ಪುಟ, 9 ವಿಭಾಗ. ಕೊನೆಯ ಪುಟದಲ್ಲಿ ‘ಓದಿ ಅರ್ಥ ಮಾಡಿಕೊಂಡಿದ್ದೇನೆ’ ಅಂತ ಸಹಿ ಹಾಕಿ ಶುಕ್ರವಾರದೊಳಗೆ ಎಚ್‌ಆರ್‌ಗೆ ಕೊಡಬೇಕು. ಸುಮಾರು ಜನ ಓದದೇ ಸಹಿ ಹಾಕುತ್ತಾರೆ. ನಾನೂ ಹಾಗೇ ಹಾಕಿದವನು. ಎರಡು ವರ್ಷ ಆದ ಮೇಲೆ ಒಂದು ಪೇಚಿಗೆ ಸಿಕ್ಕಿಕೊಂಡಾಗಲೇ ಪೂರ್ತಿ ಓದಿದ್ದು.

ಕೈಪಿಡಿಯ ಮಾತು ವಕೀಲರ ಮಾತು. ಅದಕ್ಕೇ ಈ ಟಿಪ್ಪಣಿ. ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ನೀವು ಖರೀದಿ ವಿಭಾಗಕ್ಕೆ ಬಂದಿದ್ದೀರಿ, ಹಾಗಾಗಿ ನಮ್ಮ ಕೆಲಸಕ್ಕೆ ತಾಗುವ ಕಡೆ ಜಾಸ್ತಿ ಬರೆದಿದ್ದೇನೆ.

4.1 ಯಾರಿಗೆ ಅನ್ವಯ

ಎಲ್ಲರಿಗೂ. ಟ್ರೈನಿ, ಗುತ್ತಿಗೆ ನೌಕರ, ನಿರ್ದೇಶಕರು, ಯಾರನ್ನೂ ಬಿಟ್ಟಿಲ್ಲ. ಕಚೇರಿಯ ಗೋಡೆ ದಾಟಿದರೆ ಮುಗಿಯಿತು ಅಂತಲೂ ಇಲ್ಲ. ಸಪ್ಲೈಯರ್ ಕಾರ್ಖಾನೆಗೆ ಹೋದಾಗ, ಕಚೇರಿ ಪ್ರವಾಸದಲ್ಲಿ, ತಂಡದ ವಾಟ್ಸಾಪ್ ಗುಂಪಿನಲ್ಲಿ ಕೂಡ ಇದೇ ನಿಯಮ. ಮೂರನೇ ಪ್ಯಾರಾಗೆ ಒಂದು ಗೆರೆ ಎಳೆದುಕೊಳ್ಳಿ: ‘ಮೇಲಧಿಕಾರಿ ಹೇಳಿದರು’ ಅನ್ನುವುದು ತಪ್ಪಿಗೆ ಸಮಜಾಯಿಷಿ ಆಗುವುದಿಲ್ಲ.

4.2 ಹಾಜರಿ, ಉಡುಪು

ಇದರಲ್ಲಿ ಹೇಳುವಂಥದ್ದೇನೂ ಇಲ್ಲ. ಬರುವುದು ತಡ ಆದರೆ ಮೊದಲೇ ಒಂದು ಮೆಸೇಜ್ ಹಾಕಿ. ಬೇರೆಯವರ ಕಾರ್ಡ್ ಪಂಚ್ ಮಾಡಬೇಡಿ, ಸ್ನೇಹಕ್ಕೂ ಬೇಡ. ಅದು ಸುಳ್ಳು ದಾಖಲೆ, 4.6ರ ಕೆಳಗೆ ಬರುತ್ತದೆ.

4.3 ಪರಸ್ಪರ ಗೌರವ, ಕಿರುಕುಳ

ಇದನ್ನು ನಿಧಾನವಾಗಿ ಓದಿ. ಜಾತಿ, ಧರ್ಮ, ಲಿಂಗ, ಮೈಬಣ್ಣ, ಭಾಷೆ, ಅಂಗವೈಕಲ್ಯ, ವಯಸ್ಸು, ಇವುಗಳ ಮೇಲೆ ಚುಚ್ಚು ಮಾತು ಬೇಡ ಅನ್ನುವುದು ಎಲ್ಲರಿಗೂ ಗೊತ್ತು. ಜನ ಎಡವುವುದು ‘ಸುಮ್ನೆ ತಮಾಷೆಗೆ ಹೇಳಿದ್ದು’ ಅನ್ನುವ ಕಡೆ. ಹೇಳಿದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕಿಂತ ಕೇಳಿದವರಿಗೆ ಏನಾಯಿತು ಅನ್ನುವುದನ್ನೇ ಈ ವಿಭಾಗ ಮೊದಲು ನೋಡುತ್ತದೆ. ಎದುರಿನವರು ನಕ್ಕರು ಅಂದರೆ ಒಪ್ಪಿದರು ಅಂತ ಅಲ್ಲ. ಕೆಲಸ ಬೇಕಲ್ಲ ಅಂತ ನಗುವವರು ಎಷ್ಟೋ ಜನ.

ಮೇಲಿನ ಹುದ್ದೆಯಲ್ಲಿ ಇರುವವರಿಗೆ ಬೇರೆಯಾಗಿ ಒಂದು ಪ್ಯಾರಾ ಇದೆ. ನಿಮ್ಮ ಸಂಬಳ, ರಜೆ, ರೇಟಿಂಗ್ ಯಾರ ಕೈಯಲ್ಲಿದೆಯೋ ಅವರು ರಾತ್ರಿ ಹನ್ನೊಂದಕ್ಕೆ ವೈಯಕ್ತಿಕ ಮೆಸೇಜ್ ಹಾಕಿದರೆ, ‘ಬೇಡ’ ಅನ್ನುವುದು ಅಷ್ಟು ಸುಲಭವಲ್ಲ ಅಲ್ವಾ? ನಿಯಮ ಬರೆದವರಿಗೆ ಅದು ಗೊತ್ತಿದೆ. ಅನುಭವಿಸಿದವರೇ ದೂರು ಕೊಡಬೇಕು ಅಂತಲೂ ಇಲ್ಲ, ಕಣ್ಣಾರೆ ಕಂಡವರು ಕೊಟ್ಟರೂ ನಡೆಯುತ್ತದೆ.

ಹಾಗಂತ ಕೆಲಸದ ತಪ್ಪು ತೋರಿಸುವುದೆಲ್ಲ ಕಿರುಕುಳ ಅಲ್ಲ. ‘ಈ ಹೋಲಿಕೆ ಪಟ್ಟಿಯಲ್ಲಿ ಸಾಗಣೆ ವೆಚ್ಚ ಬಿಟ್ಟುಹೋಗಿದೆ, ಸರಿ ಮಾಡಿ ಕೊಡಿ’ ಅಂದರೆ ಅದು ಕೆಲಸ. ‘ನಿಮ್ಮಂಥವರನ್ನು ಯಾರು ಸೇರಿಸಿಕೊಂಡರೋ’ ಅಂತ ಹತ್ತು ಜನರ ಮುಂದೆ ಅಂದರೆ ಅದು ಬೇರೆ.

4.4 ಹಿತಾಸಕ್ತಿಯ ಘರ್ಷಣೆ

ನಾನು ಸಿಕ್ಕಿಕೊಂಡಿದ್ದು ಇಲ್ಲೇ. ರಟ್ಟಿನ ಪೆಟ್ಟಿಗೆಗಳಿಗೆ ಮೂವರಿಂದ ಕೊಟೇಶನ್ ತರಿಸಿದ್ದೆ. ಅದರಲ್ಲಿ ಒಂದು ಕಡೆ ನನ್ನ ಚಿಕ್ಕಪ್ಪನ ಮಗ ಮಾರಾಟದ ಕೆಲಸದಲ್ಲಿದ್ದ. ಅವರದೇ ಕಡಿಮೆ ದರ, ಮಾಲೂ ಚೆನ್ನಾಗಿತ್ತು. ಆರ್ಡರ್ ಕೊಟ್ಟೆ. ಮುಚ್ಚಿಡಬೇಕು ಅಂತೇನೂ ಇರಲಿಲ್ಲ, ಹೇಳಬೇಕು ಅನ್ನುವುದು ಹೊಳೆಯಲೇ ಇಲ್ಲ. ಆರು ತಿಂಗಳ ನಂತರ ಆಡಿಟ್‌ನವರು ಬಂದು, ‘ಇವರು ನಿಮಗೆ ಏನಾಗಬೇಕು?’ ಅಂತ ಕೇಳಿದರು. ಬಾಯಿ ಒಣಗಿತು. ದರ ಸರಿಯಾಗಿತ್ತು, ಲೆಕ್ಕ ಸರಿಯಾಗಿತ್ತು. ಆದರೂ ನನ್ನ ಹಳೆಯ ಆರ್ಡರ್‌ಗಳನ್ನೆಲ್ಲ ತೆಗೆದು ನೋಡಿದರು. ಮೂರು ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಬಂಧು ಬಳಗದವರು ಸಪ್ಲೈಯರ್ ಕಡೆ ಇರುವುದು ತಪ್ಪಲ್ಲ. ಅದನ್ನು ಮುಂಚೆ ಹೇಳದೇ ಇರುವುದು ತಪ್ಪು. ಒಂದು ಪುಟದ ಘೋಷಣೆ ಫಾರಂ ಇದೆ, ತುಂಬಿ ಮ್ಯಾನೇಜರ್‌ಗೆ ಕೊಟ್ಟರೆ ಆ ಫೈಲನ್ನು ಬೇರೆಯವರ ಕೈಗೆ ಕೊಡುತ್ತಾರೆ, ಅಷ್ಟೇ. ಸಪ್ಲೈಯರ್ ಕಂಪನಿಯಲ್ಲಿ ನಿಮ್ಮ ಪಾಲಿದ್ದರೆ, ಸಂಜೆ ಬೇರೆ ಕೆಲಸ ಮಾಡುತ್ತಿದ್ದರೆ, ಹಳೆಯ ಮಾಲೀಕರ ಜೊತೆ ವ್ಯವಹಾರ ಬಂದರೆ, ಆಗಲೂ ಇದೇ ಫಾರಂ. ಹೇಳಬೇಕೋ ಬೇಡವೋ ಅಂತ ಅನುಮಾನ ಬಂದರೆ ಹೇಳಿಬಿಡಿ.

4.5 ಉಡುಗೊರೆ, ಲಂಚ

ಖರೀದಿಯವರ ಮೇಜಿಗೆ ವರ್ಷದ ಕೊನೆಯಲ್ಲಿ ಡೈರಿ, ಕ್ಯಾಲೆಂಡರ್, ಪೆನ್ನು ಬಂದೇ ಬರುತ್ತವೆ. ಅವುಗಳಿಗೆ ತೊಂದರೆ ಇಲ್ಲ. ನಗದು ಮತ್ತು ಗಿಫ್ಟ್ ಕಾರ್ಡ್ ಎಷ್ಟೇ ಚಿಕ್ಕದಾಗಿದ್ದರೂ ಮುಟ್ಟುವಂತಿಲ್ಲ. ಟೆಂಡರ್ ತೆರೆದು ಆರ್ಡರ್ ಹೋಗುವವರೆಗೆ ಪೆನ್ನೂ ಬೇಡ.

ಜಾಣ ಸಪ್ಲೈಯರ್ ಕಚೇರಿಗೆ ಕಳಿಸುವುದಿಲ್ಲ, ನೀವಿಲ್ಲದ ಹೊತ್ತಿನಲ್ಲಿ ಮನೆಗೆ ಕಳಿಸುತ್ತಾರೆ. ಮನೆಯವರು ಡಬ್ಬ ಇಸಕೊಂಡು ಒಳಗಿಟ್ಟಿರುತ್ತಾರೆ. ಆಗ ಗಾಬರಿ ಬೇಡ. ಮರುದಿನ ಅದನ್ನು ತಂದು ಅಡ್ಮಿನ್‌ಗೆ ಕೊಟ್ಟು ಉಡುಗೊರೆ ರಿಜಿಸ್ಟರಿನಲ್ಲಿ ಬರೆಸಿ. ಕಂಪನಿಯ ಪರವಾಗಿ ಪತ್ರ ಬರೆದು ಅವರೇ ವಾಪಸ್ ಕಳಿಸುತ್ತಾರೆ. ‘ಚಿಕ್ಕದು, ಬಿಡಿ’ ಅಂತ ಒಮ್ಮೆ ಇಟ್ಟುಕೊಂಡರೆ ಮುಂದಿನ ಸಲ ದರ ಇಳಿಸಿ ಅಂತ ಕೇಳುವಾಗ ನಾಲಿಗೆ ಏಳುವುದಿಲ್ಲ.

ಕೊಡುವುದಕ್ಕೂ ಇದೇ ನಿಯಮ. ಸರ್ಕಾರಿ ಕಚೇರಿಯಲ್ಲಿ ಕಡತ ಬೇಗ ಹೋಗಲಿ ಅಂತ ಕೈ ಬಿಸಿ ಮಾಡುವಂತಿಲ್ಲ. ಏಜೆಂಟ್ ಮೂಲಕ ಕೊಡಿಸಿದರೂ ಅದು ನಾವು ಕೊಟ್ಟ ಹಾಗೆಯೇ. ಮಾಲು ತಡವಾಗಿ ಬಂದರೆ ಬರಲಿ.

4.6 ದಾಖಲೆ, ಬಿಲ್ಲು, ಲೆಕ್ಕ

ಕೈಪಿಡಿಯಲ್ಲಿ ಇದು ಮುಕ್ಕಾಲು ಪುಟ ಮಾತ್ರ. ನನ್ನನ್ನು ಕೇಳಿದರೆ ನಮ್ಮ ವಿಭಾಗಕ್ಕೆ ಇದೇ ದೊಡ್ಡದು.

ಬಿಲ್ ಪಾಸ್ ಆಗುವ ಮುಂಚೆ ಖಾತೆಯವರು ಮೂರು ಕಾಗದ ಜೋಡಿಸಿ ನೋಡುತ್ತಾರೆ: ನಾವು ಕಳಿಸಿದ ಖರೀದಿ ಆರ್ಡರ್ ಅಂದರೆ ಪಿಒ, ಸ್ಟೋರ್ಸ್‌ನವರು ಮಾಲು ಎಣಿಸಿ ‘ಬಂದಿದೆ’ ಅಂತ ಬರೆದ ಚೀಟಿ ಅಂದರೆ ಜಿಆರ್‌ಎನ್, ಸಪ್ಲೈಯರ್ ಬಿಲ್. ಮೂರರಲ್ಲೂ ಸಂಖ್ಯೆ ಹೊಂದಿದರೆ ಹಣ ಹೋಗುತ್ತದೆ. ಆರ್ಡರ್ ಕೊಟ್ಟವರೇ ಮಾಲು ಇಳಿಸಿಕೊಳ್ಳಬಾರದು ಅನ್ನುವುದು ಇದೇ ಕಾರಣಕ್ಕೆ.

ತಿಂಗಳ ಕೊನೆಯ ದಿನ ನಿಮಗೊಂದು ಫೋನ್ ಬರುತ್ತದೆ. ‘ಲಾರಿ ದಾರಿಯಲ್ಲಿದೆ, ಬೆಳಿಗ್ಗೆ ಬಂದೇ ಬರುತ್ತೆ, ಜಿಆರ್‌ಎನ್ ಇವತ್ತೇ ಮಾಡಿಸಿಬಿಡಿ ಸಾರ್, ನಮ್ಮ ಟಾರ್ಗೆಟ್ ಆಗುತ್ತೆ.’ ಮಾಡಿಸಬೇಡಿ. ಲಾರಿ ನಿಜಕ್ಕೂ ದಾರಿಯಲ್ಲೇ ಇರಬಹುದು. ಆದರೆ ಬಾರದ ಮಾಲನ್ನು ಬಂದಿದೆ ಅಂತ ಬರೆದರೆ ಮೂರು ಕಾಗದ ಜೋಡಿಸುವುದಕ್ಕೆ ಅರ್ಥವೇ ಇರುವುದಿಲ್ಲ.

ಇನ್ನೊಂದು ಚಟ, ಪಿಒ ಒಡೆಯುವುದು. ದೊಡ್ಡ ಮೊತ್ತಕ್ಕೆ ಮೇಲಿನವರ ಸಹಿ ಬೇಕು ಅಂತ ಒಂದೇ ಖರೀದಿಯನ್ನು ಎರಡು ಮೂರು ಪಿಒ ಮಾಡುವುದು. ಅರ್ಜೆಂಟ್ ಇತ್ತು ಅಂದರೂ ಅದು ನಿಯಮ ತಪ್ಪಿಸಿದ್ದೇ. ಹಿಂದಿನ ತಾರೀಖು ಹಾಕುವುದೂ ಹಾಗೆಯೇ. ತಡ ಆಗಿದ್ದರೆ ಇವತ್ತಿನ ತಾರೀಖು ಹಾಕಿ ಪಕ್ಕದಲ್ಲಿ ಕಾರಣ ಬರೆಯಿರಿ. ಪ್ರಯಾಣ ಭತ್ಯೆಗೆ ರಸೀದಿ ಕಳೆದುಹೋದರೆ ಕಳೆದಿದೆ ಅಂತಲೇ ಬರೆಯಿರಿ, ಹೊಸದು ಹುಟ್ಟಿಸಬೇಡಿ.

4.7 ಗೌಪ್ಯತೆ

ಒಬ್ಬ ಸಪ್ಲೈಯರ್ ಕೊಟ್ಟ ದರವನ್ನು ಇನ್ನೊಬ್ಬರಿಗೆ ಹೇಳಿ ಚೌಕಾಸಿ ಮಾಡಬೇಡಿ. ಲಿಫ್ಟಿನಲ್ಲಿ ದರದ ಮಾತು ಬೇಡ, ಪಕ್ಕದಲ್ಲಿ ನಿಂತವರು ಯಾರೋ ಗೊತ್ತಿರುವುದಿಲ್ಲ. ಕಚೇರಿ ಫೈಲನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಪಾಸ್‌ವರ್ಡ್ ಅನ್ನು ಮ್ಯಾನೇಜರ್ ಕೇಳಿದರೂ ಕೊಡಬೇಡಿ, ಅವರ ಲಾಗಿನ್ ಅವರಿಗಿದೆ.

‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ’ ಅಂತ ಸಪ್ಲೈಯರ್ ಹೆಸರಿನಲ್ಲಿ ಮೇಲ್ ಬಂದರೆ ಅಲ್ಲೇ ನಿಲ್ಲಿ. ಕಳಿಸಿದವರ ವಿಳಾಸವನ್ನು ಅಕ್ಷರ ಅಕ್ಷರ ನೋಡಿ. ಎಷ್ಟೋ ಸಲ ಒಂದು ಅಕ್ಷರ ಮಾತ್ರ ಹೆಚ್ಚು ಕಡಿಮೆ ಇರುತ್ತದೆ. ವಿಳಾಸ ಸರಿ ಇದ್ದರೂ ನಂಬಬೇಡಿ, ಅವರ ಮೇಲ್ ಖಾತೆಗೇ ಯಾರೋ ನುಗ್ಗಿರಬಹುದು. ಆ ಮೇಲಿನಲ್ಲಿ ಇರುವ ನಂಬರಿಗಲ್ಲ, ನಮ್ಮ ಹಳೆಯ ಫೈಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ.

4.8 ಕಂಪನಿಯ ವಸ್ತು, ಸಾಮಾಜಿಕ ಜಾಲತಾಣ

ಲ್ಯಾಪ್‌ಟಾಪ್ ಕಂಪನಿಯದು, ಅದರಲ್ಲಿ ಏನಿದೆ ಅಂತ ಕಂಪನಿ ನೋಡಬಹುದು. ಕಳೆದರೆ ಅದೇ ದಿನ ಐಟಿಗೆ ತಿಳಿಸಿ. ನಾಳೆ ಸಿಗಬಹುದು ಅಂತ ಕಾಯಬೇಡಿ. ನಿಮ್ಮ ಖಾತೆಯಲ್ಲಿ ನಿಮ್ಮ ಅಭಿಪ್ರಾಯ ಬರೆಯಬಹುದು, ಆದರೆ ಕಂಪನಿಯ ಪರವಾಗಿ ಮಾತಾಡುತ್ತಿದ್ದೀರಿ ಅನ್ನಿಸುವ ಹಾಗೆ ಬೇಡ. ಮೇಜಿನ ಫೋಟೊ ಹಾಕುವಾಗ ಹಿಂದಿನ ಪರದೆಯಲ್ಲಿ ದರಪಟ್ಟಿ ತೆರೆದಿದೆಯಾ ನೋಡಿಕೊಳ್ಳಿ. ನಗಬೇಡಿ, ಆಗಿದೆ.

4.9 ದೂರು, ರಕ್ಷಣೆ, ಕ್ರಮ

ಮೊದಲು ನಿಮ್ಮ ಮ್ಯಾನೇಜರ್‌ಗೆ ಹೇಳಿ. ದೂರು ಅವರ ಮೇಲೇ ಇದ್ದರೆ ಎಚ್‌ಆರ್. ಹೆಸರು ಹೇಳಲು ಹಿಂಜರಿಕೆ ಇದ್ದರೆ ಕೈಪಿಡಿಯ 31ನೇ ಪುಟದಲ್ಲಿರುವ ಸಹಾಯವಾಣಿ. ಹೆಸರಿಲ್ಲದ ದೂರಿನಲ್ಲಿ ತಾರೀಖು, ಪಿಒ ನಂಬರ್, ಯಾರು ಎದುರಿಗಿದ್ದರು ಅನ್ನುವುದನ್ನು ಬರೆಯಿರಿ. ‘ಖರೀದಿಯಲ್ಲಿ ಏನೋ ಗೋಲ್‌ಮಾಲ್ ನಡೆಯುತ್ತಿದೆ’ ಅಂತ ಒಂದೇ ಸಾಲು ಬರೆದರೆ ವಿಚಾರಣೆ ಎಲ್ಲಿಂದ ಶುರು ಮಾಡಬೇಕು?

ನಂಬಿ ಕೊಟ್ಟ ದೂರು ಕೊನೆಗೆ ಸುಳ್ಳಾದರೆ ನಿಮ್ಮ ಮೇಲೆ ಕ್ರಮ ಇಲ್ಲ. ಸುಳ್ಳು ಅಂತ ಗೊತ್ತಿದ್ದೇ ಕೊಟ್ಟರೆ ಉಂಟು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದು ಅದೇ ಒಂದು ತಪ್ಪು. ಸೇಡು ಅಂದರೆ ಕೆಲಸದಿಂದ ತೆಗೆಯುವುದೊಂದೇ ಅಲ್ಲ. ಮೀಟಿಂಗಿಗೆ ಕರೆಯದಿರುವುದು, ಕಾರಣವಿಲ್ಲದೆ ರೇಟಿಂಗ್ ಇಳಿಸುವುದು, ಒಳ್ಳೆಯ ಕೆಲಸ ತಪ್ಪಿಸುವುದು, ಇವೂ ಅದರಲ್ಲೇ ಸೇರಿವೆ.

ಕ್ರಮ ಮಾತಿನ ಎಚ್ಚರಿಕೆಯಿಂದ ಶುರುವಾಗಿ ಲಿಖಿತ ಎಚ್ಚರಿಕೆ, ಅಮಾನತು, ವಜಾವರೆಗೆ ಹೋಗುತ್ತದೆ. ತಪ್ಪು ದೊಡ್ಡದಾದರೆ ನಡುವಿನ ಮೆಟ್ಟಿಲು ಇಲ್ಲ. ಆದರೆ ಯಾವ ಹಂತದಲ್ಲೂ ನಿಮ್ಮ ಮಾತು ಕೇಳದೆ ತೀರ್ಮಾನ ಆಗುವುದಿಲ್ಲ. ಲಿಖಿತವಾಗಿ ಉತ್ತರ ಕೊಡಲು 7 ದಿನ ಸಿಗುತ್ತದೆ.

ಸಹಿ ಹಾಕುವ ಪುಟದ ಹಿಂದೆಯೇ 4.4ರ ಘೋಷಣೆ ಫಾರಂ ಪಿನ್ ಮಾಡಿದ್ದೇನೆ. ಹೇಳುವಂಥದ್ದು ಏನೂ ಇಲ್ಲದಿದ್ದರೆ ‘ಇಲ್ಲ’ ಅಂತ ಬರೆಯಿರಿ, ಖಾಲಿ ಬಿಟ್ಟರೆ ಎಚ್‌ಆರ್‌ನವರು ವಾಪಸ್ ಕಳಿಸುತ್ತಾರೆ. ಗುರುವಾರ ಮೂರು ಗಂಟೆ ಮೇಲೆ ನಾನು ಬಿಡುವಾಗಿರುತ್ತೇನೆ. ಅರ್ಥವಾಗದ ಕಡೆ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡು ಬನ್ನಿ, ಕೂತು ನೋಡೋಣ.

ನಿಮ್ಮ ಹಿಂದಿನ ಸಾಲಿನ ಕೊನೆಯ ಮೇಜಿನಿಂದ,
ಹಿರಿಯ ಖರೀದಿ ಅಧಿಕಾರಿ