ಮೊದಲ ಅಪ್ರೈಸಲ್ ಯಾವಾಗ?

ನಮಸ್ಕಾರ ಮೇಡಂ,

ಆಫರ್ ಲೆಟರ್ ಪೂರ್ತಿ ಓದಿದೆ, ಥ್ಯಾಂಕ್ಸ್. ಒಪ್ಪಿಗೆ ಕಳಿಸುವ ಮುಂಚೆ ಅಪ್ರೈಸಲ್ ವಿಷಯ ಕ್ಲಿಯರ್ ಮಾಡಿಕೊಳ್ಳಬೇಕಿತ್ತು.

ನನ್ನ ಜಾಯಿನಿಂಗ್ ನವೆಂಬರ್ 17ಕ್ಕೆ. ಸೈಕಲ್ ಏಪ್ರಿಲ್‌ನಿಂದ ಮಾರ್ಚ್ ಅಂತ ಫೋನಲ್ಲಿ ಹೇಳಿದ್ದಿರಿ. ಹಾಗಾದರೆ ಬರುವ ಏಪ್ರಿಲ್‌ನಲ್ಲೇ ನನ್ನ ಅಪ್ರೈಸಲ್ ಆಗುತ್ತಾ, ಅಥವಾ ಕಟ್-ಆಫ್ ದಾಟಿ ಸೇರಿದವರು ಅಂತ ಅದರ ಮುಂದಿನ ಏಪ್ರಿಲ್‌ವರೆಗೂ ಕಾಯಬೇಕಾ? ಕಾಯಬೇಕು ಅಂದರೆ ಹದಿನಾರು ತಿಂಗಳಿಗೂ ಜಾಸ್ತಿ ಒಂದೇ ಸಂಬಳ ಆಯ್ತಲ್ವಾ. ಇಲ್ಲಿ ಜನವರಿಗೆ ಬರಬೇಕಿದ್ದ ಹೈಕ್ ಬಿಟ್ಟು ಬರುತ್ತಿದ್ದೇನೆ, ಅದಕ್ಕೇ ಕೇಳುತ್ತಿರುವುದು. ಏಪ್ರಿಲ್‌ನಲ್ಲಿ ನಾನು ಇನ್ನೂ ಪ್ರೊಬೇಷನ್‌ನಲ್ಲೇ ಇರುತ್ತೇನೆ (ಆರು ತಿಂಗಳು ಅಂತಿದೆ), ಅದರಿಂದ ಏನಾದರೂ ತೊಂದರೆ ಇದೆಯಾ? ಇಲ್ಲ ಅಂದರೆ ಇನ್‌ಕ್ರಿಮೆಂಟ್ ಪೂರ್ತಿ ಪರ್ಸೆಂಟ್ ಸಿಗುತ್ತಾ, ಕೆಲಸ ಮಾಡಿದ ತಿಂಗಳ ಲೆಕ್ಕದಲ್ಲಿ ಪ್ರೊ-ರೇಟಾ ಮಾಡುತ್ತೀರಾ?

ಇನ್ನು ಬೋನಸ್. ಸಿಟಿಸಿ 18 ಲಕ್ಷದಲ್ಲಿ 1,80,000 ವೇರಿಯಬಲ್ ಅಂತ ತೋರಿಸಿದ್ದೀರಿ. ನಾಲ್ಕೂವರೆ ತಿಂಗಳಿಗೆ ನನ್ನ ಲೆಕ್ಕದಲ್ಲಿ ಸುಮಾರು 67,500 ಬರುತ್ತದೆ, ಸರಿನಾ? ರೇಟಿಂಗ್ ಇಲ್ಲದವರಿಗೆ ಯಾವ ಆಧಾರದ ಮೇಲೆ ಕೊಡುತ್ತೀರಿ, ಯಾವ ತಿಂಗಳ ಸಂಬಳದ ಜೊತೆ ಬರುತ್ತದೆ? ಕನಿಷ್ಠ ಇಷ್ಟು ದಿನ ಕೆಲಸ ಮಾಡಿರಬೇಕು ಅನ್ನೋ ರೂಲ್ ಇದ್ದರೆ ಅದನ್ನೂ ಈಗಲೇ ಹೇಳಿಬಿಡಿ.

ಈ ಸೈಕಲ್‌ಗೆ ನಾನು ಬರೋದಿಲ್ಲ ಅಂತಾದರೆ, ಕನ್ಫರ್ಮೇಷನ್ ಟೈಮಲ್ಲಿ ಸಂಬಳ ರಿವ್ಯೂ ಮಾಡೋಕೆ ಅಥವಾ ಸ್ವಲ್ಪ ಜಾಯಿನಿಂಗ್ ಬೋನಸ್ ಸೇರಿಸೋಕೆ ಆಗುತ್ತಾ, ಮ್ಯಾನೇಜರ್ ಹತ್ರ ಕೇಳಿ ನೋಡಿ. ಏನೇ ಆದರೂ ಉತ್ತರ ಮೇಲ್‌ನಲ್ಲೇ ಕೊಡಿ. ಶುಕ್ರವಾರದೊಳಗೆ ಸಿಕ್ಕರೆ ಅವತ್ತೇ ಸಹಿ ಹಾಕಿ ಕಳಿಸುತ್ತೇನೆ.